ಮಡಿಕೇರಿಯಲ್ಲಿ ಒಬ್ಬಳೇ ಡಿಸೈನ್ ಸ್ಟುಡಿಯೋ ನಡೆಸುತ್ತಿದ್ದೇನೆ, ಇಬ್ಬರನ್ನು ಕೆಲಸಕ್ಕೆ ಸೇರಿಸಿಕೊಂಡರೆ ಲೆಕ್ಕ ಕೂಡಿಬರುತ್ತಾ?

ಮಡಿಕೇರಿ ಡಿಸೈನರ್

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಮನೆಯಿಂದಲೇ ಗ್ರಾಫಿಕ್ ಡಿಸೈನ್ ಮಾಡುತ್ತೇನೆ. ಕಾಫಿ ಪ್ಯಾಕೆಟ್, ಹೋಂಸ್ಟೇಗಳಿಗೆ ಲೋಗೋ ಮತ್ತು ಬೋರ್ಡು, ಎರಡು ರೆಸಾರ್ಟ್‌ಗಳಿಗೆ ಪ್ರತಿ ತಿಂಗಳ ಪೋಸ್ಟರ್, ಮೆನು ಕೆಲಸ. ಸರಾಸರಿ ತಿಂಗಳಿಗೆ 1,20,000 ರೂಪಾಯಿ ಬರುತ್ತದೆ. ಸ್ವಂತ ಕಾಫಿ ಬ್ರ್ಯಾಂಡ್ ಮಾಡುವ ಬೆಳೆಗಾರರು ಜಾಸ್ತಿ ಆಗುತ್ತಿದ್ದಾರೆ. ಹಾಗಾಗಿ ಕೆಲಸಕ್ಕೇನೂ ಕೊರತೆ ಇಲ್ಲ. ಆದರೆ ಹೊಸ ಕೆಲಸ ಬಂದರೆ "ಮುಂದಿನ ತಿಂಗಳು ನೋಡೋಣ" ಎನ್ನಬೇಕಾಗಿದೆ. ರಾತ್ರಿ ಹನ್ನೊಂದರವರೆಗೂ ಕೂರುತ್ತೇನೆ.

ಈಗ ಇಬ್ಬರು ಜೂನಿಯರ್ ಡಿಸೈನರ್‌ಗಳನ್ನು ತಲಾ 20,000 ಸಂಬಳಕ್ಕೆ ಸೇರಿಸಿಕೊಂಡು, ಪೇಟೆಯಲ್ಲಿ ಒಂದು ಸಣ್ಣ ರೂಮು ಬಾಡಿಗೆಗೆ ಹಿಡಿಯೋಣ ಎಂದುಕೊಂಡಿದ್ದೇನೆ. ಮೂರು ಜನ ಅಂದರೆ ಮೂರು ಪಟ್ಟು ಅಲ್ಲದಿದ್ದರೂ ಎರಡು ಪಟ್ಟಾದರೂ ಕೆಲಸ ಆಗಬೇಕು ಅಲ್ವಾ? ರೇಟ್ ಹೇಗೆ ಇಡಬೇಕು, ಎಷ್ಟು ಕೆಲಸ ಒಪ್ಪಿಕೊಳ್ಳಬಹುದು, ಮಾಡಿ ನೋಡಿದವರು ಯಾರಾದರೂ ಹೇಳಿ.

ಕುಶಾಲನಗರ ಮಾರ್ಕೆಟಿಂಗ್

ತುಂಬಾ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಏಜೆನ್ಸಿಗಳಲ್ಲಿ ಒಂದೇ ಲೆಕ್ಕ. ಯಾರಿಗೆ ಎಷ್ಟು ಸಂಬಳ ಕೊಡುತ್ತೀರೋ ಅದರ ಮೂರು ಪಟ್ಟು ಅವರಿಂದ ಬಿಲ್ ಆಗಬೇಕು. ಒಂದು ಪಾಲು ಸಂಬಳ, ಒಂದು ಪಾಲು ಖರ್ಚು, ಒಂದು ಪಾಲು ಲಾಭ. 20,000 ಸಂಬಳ ಅಂದರೆ 60,000 ಬಿಲ್. ಇಬ್ಬರಿಂದ 1,20,000. ಈಗಿನದೂ ಸೇರಿ 2,40,000. ಧೈರ್ಯ ಮಾಡಿ.

ಸೋಮವಾರಪೇಟೆ ಸ್ಟುಡಿಯೋ

ನಮ್ಮದೂ ಸ್ಟುಡಿಯೋ ಅಕ್ಕ. ನಾನು ಯಾರನ್ನೂ ಸಂಬಳಕ್ಕೆ ಇಟ್ಟುಕೊಂಡಿಲ್ಲ. ಏಪ್ರಿಲ್, ಮೇನಲ್ಲಿ ಮದುವೆ ಜಾಸ್ತಿ ಇರುತ್ತದೆ. ಆಗ ಎರಡನೇ ಕ್ಯಾಮರಾಗೆ ಹುಡುಗರನ್ನು ದಿನದ ಲೆಕ್ಕದಲ್ಲಿ ಕರೆಯುತ್ತೇನೆ. ಮಳೆಗಾಲದಲ್ಲಿ ಯಾರಿಗೂ ಕೊಡುವುದು ಇರುವುದಿಲ್ಲ. ನೀವೂ ಹಾಗೇ ಮಾಡಿ. ಆಲ್ಬಮ್ ಡಿಸೈನ್ ಬೇಕಿದ್ದರೆ ಮೈಸೂರಿನಲ್ಲಿ ಪುಟದ ಲೆಕ್ಕದಲ್ಲಿ ಮಾಡಿಕೊಡುತ್ತಾರೆ.

ಮಡಿಕೇರಿ ಡಿಸೈನರ್

ನನ್ನದು ಫೋಟೋ ಸ್ಟುಡಿಯೋ ಅಲ್ಲ ಅಣ್ಣ, ಡಿಸೈನ್ ಕೆಲಸ. ಆದರೂ ದಿನದ ಲೆಕ್ಕದ ವಿಚಾರ ಯೋಚಿಸುವಂಥದ್ದೇ.

ಹಳೇ ಏಜೆನ್ಸಿ

ನಮ್ಮೂರು ಪೊನ್ನಂಪೇಟೆ ಕಡೆ. ಮೈಸೂರಿನಲ್ಲಿ ಸಣ್ಣ ಡಿಸೈನ್ ಏಜೆನ್ಸಿ ನಡೆಸುತ್ತೇನೆ. ಒಬ್ಬನೇ ಶುರು ಮಾಡಿ ಏಳು ಜನರವರೆಗೆ ಬೆಳೆಸಿ, ಈಗ ಬೇಕೆಂದೇ ನಾಲ್ಕು ಜನಕ್ಕೆ ನಿಲ್ಲಿಸಿದ್ದೇನೆ.

ಮೂರು ಪಟ್ಟಿನ ಲೆಕ್ಕ ಸುಳ್ಳಲ್ಲ. ಆದರೆ ಅದು ಕೆಲಸ ಕಲಿತು ಪಳಗಿದವರಿಗೆ, ಅವರ ಕೈ ತುಂಬ ಕೆಲಸ ಇದ್ದಾಗ ಮಾತ್ರ ನಿಲ್ಲುತ್ತದೆ. ಮೊದಲ ತಿಂಗಳುಗಳಿಗೆ ಅದನ್ನು ಹಾಕಿದರೆ ಮೋಸ ಹೋಗುತ್ತೀರಿ. ಅದರಲ್ಲಿ ಬಿಟ್ಟುಹೋಗಿರುವ ಮುಖ್ಯ ಅಂಶ ಒಂದಿದೆ, ನಿಮ್ಮ ಸ್ವಂತ ಗಂಟೆಗಳು. ಜನ ಸೇರಿದ ದಿನದಿಂದ ನೀವು ಡಿಸೈನ್ ಮಾಡುವ ಸಮಯ ಕಡಿಮೆ ಆಗುತ್ತದೆ.

ಲೆಕ್ಕ ಹಾಕೋಣ. ಅದಕ್ಕೆ ಮೊದಲು ಒಂದು ವಿಷಯ ಬೇಕು. ಕ್ಲೈಂಟ್ ದುಡ್ಡು ಕೊಡುವ ಕೆಲಸದಲ್ಲಿ ತಿಂಗಳಿಗೆ ಎಷ್ಟು ಗಂಟೆ ಕೂರುತ್ತೀರಿ? ಫೋನು, ಕೊಟೇಶನ್, ಬಾಕಿ ವಸೂಲಿ ಬಿಟ್ಟು. ಕೆಲಸದ ಪ್ರಕಾರ ಬೇರೆ ಬೇರೆ ಮಾಡಿ ಹೇಳಿದರೆ ಇನ್ನೂ ಒಳ್ಳೆಯದು.

ಮಡಿಕೇರಿ ಡಿಸೈನರ್

ಗಂಟೆ ಬರೆದಿಡುವ ಅಭ್ಯಾಸ ಮೊದಲಿಂದ ಇದೆ ಸರ್. ಸುಮಾರು 110 ಗಂಟೆ. ಒಂದು ಸಾಮಾನ್ಯ ತಿಂಗಳು ಹೀಗಿರುತ್ತದೆ.

ಎರಡು ಕಾಫಿ ಪ್ಯಾಕೆಟ್ ಕೆಲಸ, ತಲಾ 18,000. ಒಂದೊಂದಕ್ಕೆ 28 ಗಂಟೆ ಹಿಡಿಯುತ್ತದೆ. ಒಂದು ಹೋಂಸ್ಟೇಯ ಪೂರ್ತಿ ಕೆಲಸ, ಅಂದರೆ ಲೋಗೋ, ಬೋರ್ಡು, ಕಾರ್ಡು, ರೂಮಿನ ಫಲಕ ಎಲ್ಲ ಸೇರಿ 40,000. ಅದಕ್ಕೆ 30 ಗಂಟೆ. ರೆಸಾರ್ಟ್ ಎರಡು, ತಲಾ 22,000, ತಲಾ 12 ಗಂಟೆ.

ಇದು ಬಿಟ್ಟು ಹೆಚ್ಚು ಕಡಿಮೆ ಇಷ್ಟೇ ಸಮಯ ವಾಟ್ಸಾಪ್, ಫೋನು, ಪ್ರೆಸ್, ಬಿಲ್ಲು, ದುಡ್ಡು ಕೇಳುವುದಕ್ಕೆ ಹೋಗುತ್ತದೆ.

ಹಳೇ ಏಜೆನ್ಸಿ

ಬರೆದಿಟ್ಟಿರುವುದು ತುಂಬಾ ಒಳ್ಳೆಯದಾಯಿತು. ಹೆಚ್ಚಿನವರ ಹತ್ತಿರ ಇದೇ ಇರುವುದಿಲ್ಲ.

110 ಗಂಟೆಗೆ 1,20,000 ಅಂದರೆ ಗಂಟೆಗೆ ಸುಮಾರು 1,100. ಈಗ ಇಬ್ಬರು ಬಂದರು ಅಂದುಕೊಳ್ಳಿ. ಹೊಸಬರ ಕೆಲಸ ನೋಡಿ, ತಿದ್ದಿ, ಕೂರಿಸಿ ಹೇಳಿಕೊಡುವುದಕ್ಕೆ ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗಂಟೆ ಬೇಕೇ ಬೇಕು. ತಿಂಗಳಿಗೆ 22 ದಿನ ಹಿಡಿದರೆ ಇಬ್ಬರಿಗೆ 44 ಗಂಟೆ. ಇಬ್ಬರಿಗೂ ಕೆಲಸ ತರಬೇಕು, ಹಂಚಬೇಕು. ಅದಕ್ಕೆ ಇನ್ನೊಂದು 20 ಗಂಟೆ. ನಿಮ್ಮ 110ರಲ್ಲಿ 64 ಹೋಯಿತು, 46 ಉಳಿಯಿತು.

ಹೊಸಬರು ಮೊದಲ ಮೂರು ನಾಲ್ಕು ತಿಂಗಳು ದಿನವಿಡೀ ಕೂತರೂ, ನಿಮ್ಮ ವೇಗದ ಲೆಕ್ಕದಲ್ಲಿ ತಿಂಗಳಿಗೆ 50 ಗಂಟೆಯಷ್ಟು ಕೆಲಸ ಹೊರಬಂದರೆ ದೊಡ್ಡದು. ನೀವು ಗಂಟೆಗೆ ಅಲ್ಲ, ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಲ್ವಾ? ಹಾಗಾಗಿ ಅವರು ನಿಧಾನ ಮಾಡಿದ್ದಕ್ಕೆ ಕ್ಲೈಂಟ್ ಕೊಡುವುದಿಲ್ಲ. ಇಬ್ಬರಿಂದ 100, ನಿಮ್ಮದು 46, ಒಟ್ಟು 146. ಅಂದರೆ ಮೂರು ಜನ ಸೇರಿ ಈಗಿಗಿಂತ 36 ಗಂಟೆ ಮಾತ್ರ ಜಾಸ್ತಿ. ಅದರಿಂದ 40,000 ಬಂದೀತು. ಖರ್ಚು ನೋಡಿ. ಸಂಬಳ 40,000, ರೂಮು 8,000 ಅಂತ ಹಿಡಿಯೋಣ, ಸಾಫ್ಟ್‌ವೇರ್, ಇಂಟರ್‌ನೆಟ್, ಕರೆಂಟು 6,000. ಎರಡು ಲ್ಯಾಪ್‌ಟಾಪ್ ತಲಾ 60,000 ಆದರೆ ಮೂರು ವರ್ಷಕ್ಕೆ ಹಂಚಿ ತಿಂಗಳಿಗೆ 3,300. ಹತ್ತಿರ ಹತ್ತಿರ 57,000. ತಿಂಗಳಿಗೆ 17,000 ಕೈಯಿಂದ ಹೋಗುತ್ತದೆ. ಸುಸ್ತು ಕಡಿಮೆ ಆಗುವುದೂ ಇಲ್ಲ.

ಒಬ್ಬರನ್ನೇ ತೆಗೆದುಕೊಂಡು, ರೂಮು ಮಾಡದೆ ಮನೆಯಲ್ಲೇ ಜಾಗ ಕೊಟ್ಟರೆ? ನಿಮ್ಮಿಂದ 32 ಗಂಟೆ ಹೋಗುತ್ತದೆ, ಅವರಿಂದ 50 ಬರುತ್ತದೆ. 18 ಗಂಟೆ ಲಾಭ, ಸುಮಾರು 20,000. ಖರ್ಚು 25,000. ಕೊರತೆ 5,000. ಇದನ್ನು ತಡೆದುಕೊಳ್ಳಬಹುದು. ಆರು ತಿಂಗಳು ಕಳೆದ ಮೇಲೆ ಅವರ ಕೆಲಸ 90 ಗಂಟೆಗೆ ಏರಿ, ನೀವು ತಿದ್ದುವುದು ತಿಂಗಳಿಗೆ 12 ಗಂಟೆಗೆ ಇಳಿದರೆ, ಒಟ್ಟು 178 ಗಂಟೆ ಆಗುತ್ತದೆ. ಆಗ 75,000 ಜಾಸ್ತಿ ಬರುತ್ತದೆ, ಖರ್ಚು ಅದೇ 25,000. ಆದರೆ ಆ ಹೆಚ್ಚಿನ ಗಂಟೆಗೆಲ್ಲ ಕೆಲಸ ಇರಬೇಕು. ಅರ್ಧಕ್ಕೆ ಮಾತ್ರ ಕೆಲಸ ಸಿಕ್ಕಿದರೆ ಉಳಿಯುವುದು 12,000.

ಜನರನ್ನು ಸೇರಿಸುವ ಮೊದಲು ನಿಮ್ಮದೇ ಪಟ್ಟಿಯಲ್ಲಿ ಕಾಣುವ ಇನ್ನೊಂದು ವಿಷಯ ಹೇಳುತ್ತೇನೆ. ಪ್ಯಾಕೆಟ್ ಕೆಲಸಕ್ಕೆ 28 ಗಂಟೆಗೆ 18,000, ಅಂದರೆ ಗಂಟೆಗೆ 640. ಹೋಂಸ್ಟೇಯಲ್ಲಿ 1,330. ರೆಸಾರ್ಟ್‌ನಲ್ಲಿ 1,800ರ ಮೇಲೆ. ನಿಮ್ಮ ಅರ್ಧ ತಿಂಗಳನ್ನು ತಿನ್ನುತ್ತಿರುವುದು ಅತಿ ಕಡಿಮೆ ದುಡ್ಡು ತರುವ ಕೆಲಸ. ಈ 28 ಗಂಟೆ ಎಲ್ಲಿ ಹೋಗುತ್ತದೆ ಬಿಡಿಸಿ ಹೇಳಿ.

ಮಡಿಕೇರಿ ಡಿಸೈನರ್

ಇಬ್ಬರ ಲೆಕ್ಕ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ತಿದ್ದುವ ಸಮಯವನ್ನು ಈ ರೀತಿ ಕಳೆದು ನೋಡಿರಲಿಲ್ಲ.

ಪ್ಯಾಕೆಟ್‌ದು ಹೇಳುತ್ತೇನೆ. ಮಾತುಕತೆ 2 ಗಂಟೆ. ಮೊದಲ ಡಿಸೈನ್ 9. ಕರೆಕ್ಷನ್ 8. ಆಮೇಲೆ ಸೈಜು ಬದಲಿಸುವುದು ಮತ್ತು ಪ್ರಿಂಟ್ ಫೈಲ್ 5. ಪ್ರೆಸ್‌ನವರ ಜೊತೆ ಓಡಾಟ, ಪ್ರೂಫ್ 4. "ಒಂದು ಪ್ಯಾಕೆಟ್" ಎಂದು ಬರುತ್ತಾರೆ. ಕೊನೆಗೆ ಅರೇಬಿಕಾ ಒಂದು, ರೊಬಸ್ಟಾ ಒಂದು, 100, 250, 500 ಗ್ರಾಂ ಮೂರು ಸೈಜು. ಆರು ಫೈಲ್ ಆಗಿರುತ್ತದೆ. ಮನೆಯಲ್ಲಿ ಎಲ್ಲರಿಗೂ ತೋರಿಸಿ ಒಬ್ಬೊಬ್ಬರು ಒಂದೊಂದು ಬದಲಾವಣೆ ಹೇಳುತ್ತಾರೆ.

ಗೋಣಿಕೊಪ್ಪ ಪ್ರಿಂಟ್

ಪ್ಯಾಕೇಜಿಂಗ್ ಆರ್ಡರ್ ತೆಗೆದುಕೊಳ್ಳುವವನು ನಾನು. ಆ ಕೊನೆಯ 9 ಗಂಟೆ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಜೂನಿಯರ್ ಕೈಗೆ ಎಲ್ಲರೂ ಮೊದಲು ಕೊಡುವುದು ಅದನ್ನೇ. ಅಪಾಯ ಇರುವುದೂ ಅಲ್ಲೇ.

ಸಣ್ಣ ಸಂಖ್ಯೆಯ ಪೌಚ್ ಆದರೆ ಡಿಜಿಟಲ್ ಪ್ರಿಂಟ್. ತಪ್ಪಾದರೆ ಫೈಲ್ ಬದಲಿಸಿದರೆ ಮುಗಿಯಿತು. ದೊಡ್ಡ ಆರ್ಡರ್ ಆದರೆ ರೋಟೋಗ್ರಾವ್ಯೂರ್. ಅದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಬೇಕು. ಒಮ್ಮೆ ಕೆತ್ತಿದ ಮೇಲೆ ಒಂದಕ್ಷರ ತಪ್ಪಿದ್ದರೂ ಆ ಸಿಲಿಂಡರ್ ಮತ್ತೆ ಮಾಡಿಸಬೇಕು. ಚಿಕೋರಿ ಸೇರಿಸಿದ ಕಾಫಿಯಾದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರಲೇಬೇಕು. ಕಾಫಿ 51ಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಒಂದು ಕೆಲಸದಲ್ಲಿ ಹುಡುಗ ಹಳೇ ಫೈಲನ್ನು ನಕಲು ಮಾಡಿ ಹೆಸರು, ಬಣ್ಣ ಬದಲಿಸಿದ. ಹಿಂದಿನ ಪ್ಯಾಕೆಟ್‌ನ ಶೇಕಡಾವಾರು ಹಾಗೇ ಉಳಿಯಿತು. ಪ್ರೂಫ್‌ಗೆ ಎಲ್ಲರೂ ಸಹಿ ಹಾಕಿದರು. ಮುಂಭಾಗ ಚೆನ್ನಾಗಿತ್ತು, ಹಿಂಭಾಗ ಯಾರೂ ಓದಲಿಲ್ಲ. ಅಕ್ಷರಕ್ಕೆ ಎರಡು ಬಣ್ಣ ಸೇರಿಸಿ ಕಂದು ಮಾಡಿದ್ದರಿಂದ ಎರಡು ಸಿಲಿಂಡರ್ ಹಾಳಾಯಿತು.

ಅದಕ್ಕೆ ನಾನು ಎಲ್ಲ ಡಿಸೈನರ್‌ಗಳಿಗೂ ಹೇಳುವುದು ಒಂದೇ. ತೂಕ, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ ನಂಬರ್, ವಿಳಾಸ, ಶೇಕಡಾವಾರು, ಇದೆಲ್ಲ ಬರೀ ಕಪ್ಪು ಬಣ್ಣದಲ್ಲಿ ಇಡಿ. ನಾಳೆ ಏನಾದರೂ ಬದಲಾದರೆ ಕಪ್ಪು ಸಿಲಿಂಡರ್ ಒಂದನ್ನೇ ಮಾಡಿಸಿದರೆ ಸಾಕು. ಮತ್ತೆ ಹಿಂಭಾಗವನ್ನು ಡಿಸೈನ್ ಮಾಡಿದವರೇ ಓದಬಾರದು, ಇನ್ನೊಬ್ಬರು ಓದಬೇಕು. ಕ್ಲೈಂಟ್ ಕೈಯಲ್ಲಿ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು.

ಹಳೇ ಏಜೆನ್ಸಿ

ಇದು ಬಹಳ ಸರಿಯಾದ ಮಾತು. ಈ "ಇನ್ನೊಬ್ಬರು ಓದುವುದು" ಕೂಡ ಗಂಟೆಯೇ. ಅದಕ್ಕೂ ಕೊಟೇಶನ್‌ನಲ್ಲಿ ದುಡ್ಡು ಇರಬೇಕು.

ಈಗ ರೇಟು. "ಒಂದು ಪ್ಯಾಕೆಟ್ 18,000" ಎನ್ನುವುದನ್ನು ಬಿಡಿ. ಹೀಗೆ ಬಿಡಿಸಿ ಬರೆಯಿರಿ. ಒಂದು ಬಗೆಯ ಕಾಫಿ, ಒಂದು ಸೈಜು, ಎರಡು ಸುತ್ತು ಕರೆಕ್ಷನ್, ಇದಕ್ಕೆ 18,000. ಜಾಸ್ತಿ ಒಂದೊಂದು ಸೈಜಿಗೆ 4,000. ಎರಡನೇ ಬಗೆ, ಅದೇ ವಿನ್ಯಾಸ ಬೇರೆ ಬಣ್ಣ, ಮೂರೂ ಸೈಜು ಸೇರಿ 7,000. ಮೂರನೇ ಸುತ್ತಿನಿಂದ ಕರೆಕ್ಷನ್‌ಗೆ ಗಂಟೆಗೆ 1,500. ನಿಮ್ಮ ಆರು ಫೈಲಿನ ಕೆಲಸ ಆಗ 33,000 ಆಗುತ್ತದೆ, ಕರೆಕ್ಷನ್ ಬಿಟ್ಟು. 28 ಗಂಟೆಗೆ ಹಾಕಿದರೆ ಗಂಟೆಗೆ 1,180. ಅಲ್ಲಿಗೆ ನಿಮ್ಮ ಸರಾಸರಿಗೆ ಬಂತು.

ಗಿರಾಕಿ ಹೋಗಿಬಿಡುತ್ತಾರೆ ಎನ್ನುವ ಭಯ ಇದ್ದೇ ಇರುತ್ತದೆ. ತಿಂಗಳಿಗೆ ಬರುವ ಇಬ್ಬರಲ್ಲಿ ಒಬ್ಬರು ಹೋದರು ಅಂತಲೇ ಇಟ್ಟುಕೊಳ್ಳಿ. ಮೊದಲು ಇಬ್ಬರಿಂದ 36,000 ಬರುತ್ತಿತ್ತು. ಈಗ ಒಬ್ಬರಿಂದ 33,000. ಕಡಿಮೆ ಆಗಿದ್ದು 3,000. ಕೈಗೆ ಬಂದದ್ದು 28 ಗಂಟೆ. ಮೇಲೆ ನೋಡಿದಿರಲ್ಲ, ಒಬ್ಬ ಜೂನಿಯರ್‌ನಿಂದ ಮೊದಲ ತಿಂಗಳುಗಳಲ್ಲಿ 18 ಗಂಟೆ ಸಿಗುವುದಕ್ಕೆ 25,000 ಖರ್ಚು. ಇಲ್ಲಿ 3,000ಕ್ಕೆ 28 ಗಂಟೆ. ಹಾಗಾಗಿ ಮೊದಲು ರೇಟು, ಆಮೇಲೆ ಜನ.

ಸಿದ್ದಾಪುರ ಬೆಳೆಗಾರ

ಎಲ್ಲ ಓದಿದೆ. ಬೆಳೆಗಾರರ ಕಡೆಯಿಂದಲೂ ಒಂದು ಮಾತು. ನಾನು ವರ್ಷಕ್ಕೆ ಕೆಲವು ನೂರು ಕೆ.ಜಿ. ಪುಡಿ ಮಾತ್ರ ಮಾರುತ್ತೇನೆ. 33,000 ಡಿಸೈನ್‌ಗೇ ಹೋದರೆ ಪ್ಯಾಕೆಟ್ ಮೇಲೆ ಎಷ್ಟು ಬೀಳುತ್ತದೆ ಯೋಚಿಸಿ. ನಮ್ಮಂಥವರಿಗೆ ಮೂರು ಸೈಜು ಬೇಕಾಗಿಯೇ ಇರುವುದಿಲ್ಲ. ಕೇಳಿದಾಗ ಯಾರೂ "ಬೇಡ" ಎನ್ನುವುದಿಲ್ಲ, ಅಷ್ಟೇ. ಒಂದು ಸೈಜಿಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂದು ಮೊದಲೇ ಬರೆದುಕೊಟ್ಟರೆ ನಾನೇ 250 ಗ್ರಾಂ ಒಂದೇ ಸಾಕು ಎನ್ನುತ್ತೇನೆ.

ಇನ್ನೊಂದು, ದುಡ್ಡಿನ ಸಮಯ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ. ಕೂಲಿ ಕೊಡುವ ಸಮಯದಲ್ಲಿ ಬಿಲ್ಲು ಕಳಿಸಿದರೆ ಯಾರ ಕೈಯಲ್ಲೂ ದುಡ್ಡು ಇರುವುದಿಲ್ಲ. ಕಾಫಿ ಮಾರಿದ ಮೇಲೆ ಕೇಳಿದರೆ ತಕ್ಷಣ ಬರುತ್ತದೆ.

ಹಳೇ ಏಜೆನ್ಸಿ

ನೀವು ಹೇಳಿದ್ದು ನಿಜ ಸರ್. ಬಿಡಿಸಿ ಬರೆದ ರೇಟಿನ ಉಪಯೋಗವೇ ಅದು. ಸಣ್ಣವರು 18,000ದಲ್ಲೇ ಮುಗಿಸಬಹುದು, ಡಿಸೈನರ್‌ಗೂ ನಷ್ಟವಿಲ್ಲ. ಒಂದು ಬಗೆ, ಒಂದು ಸೈಜು ಆದರೆ ಗಂಟೆಯೂ 28 ಆಗುವುದಿಲ್ಲ.

ದುಡ್ಡಿನ ಸಮಯದ ಬಗ್ಗೆ ಮಾತ್ರ ಡಿಸೈನರ್ ಎಚ್ಚರ ವಹಿಸಬೇಕು. ಒಬ್ಬರೇ ಇದ್ದಾಗ ಎರಡು ತಿಂಗಳು ಕಾಯಬಹುದು. ಸಂಬಳ ಕೊಡಲು ಶುರು ಮಾಡಿದ ಮೇಲೆ ತಿಂಗಳ ಒಂದನೇ ತಾರೀಕು ಕಾಯುವುದಿಲ್ಲ. ಕೊಡಗಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹೋಂಸ್ಟೇಗಳ ಕೈ ಖಾಲಿ, ಕೊಯ್ಲಿನ ಸಮಯದಲ್ಲಿ ತೋಟದವರ ಕೈ ಖಾಲಿ. ಅರ್ಧ ಅಡ್ವಾನ್ಸ್ ಇಲ್ಲದೆ ಫೈಲ್ ತೆರೆಯಬೇಡಿ. ಪ್ರಿಂಟ್ ಫೈಲ್ ಕೊಡುವ ಮೊದಲು ಬಾಕಿ ಪೂರ್ತಿ ಬರಲಿ. ಮತ್ತೆ ಮೂರು ತಿಂಗಳ ಸಂಬಳ, ಅಂದರೆ 60,000 ಬೇರೆ ಖಾತೆಯಲ್ಲಿ ಇಟ್ಟ ಮೇಲೆಯೇ ಜನ ತೆಗೆದುಕೊಳ್ಳಿ.

ಕುಶಾಲನಗರ ಮಾರ್ಕೆಟಿಂಗ್

ಮೂರು ಪಟ್ಟಿನ ಲೆಕ್ಕ ಪಳಗಿದವರಿಗೆ ಎಂದಿರಿ, ಒಪ್ಪಿದೆ. ಆದರೆ ಜನ ಇಟ್ಟರೆ ಜಿಎಸ್‌ಟಿ ಮಾಡಿಸಬೇಕಲ್ಲ, ಪ್ರೈವೇಟ್ ಲಿಮಿಟೆಡ್ ಕೂಡ ಮಾಡಿಬಿಡುವುದು ವಾಸಿ.

ಲೆಕ್ಕದ ಮೇಡಂ

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ಜನ ಇಟ್ಟಿದ್ದಕ್ಕೆ ಜಿಎಸ್‌ಟಿ ಬರುವುದಿಲ್ಲ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಈಗ ನಿಮ್ಮದು 14.4 ಲಕ್ಷ. ಮೇಲಿನ ಲೆಕ್ಕದಂತೆ ಜೂನಿಯರ್ ಪಳಗಿ ತಿಂಗಳಿಗೆ 1,95,000 ಆದರೆ ವರ್ಷಕ್ಕೆ 23.4 ಲಕ್ಷ. ಆಗ ದಾಟುತ್ತೀರಿ.

ದಾಟಿದಾಗ ರೇಟಿಗೆ ಆಗುವ ಪೆಟ್ಟನ್ನು ಈಗಲೇ ಯೋಚಿಸಿ. ಡಿಸೈನ್ ಸೇವೆಗೆ 18% ಜಿಎಸ್‌ಟಿ. 40,000ದ ಹೋಂಸ್ಟೇ ಕೆಲಸ 47,200 ಆಗುತ್ತದೆ. ಕಾಫಿ ಕಂಪನಿ ನೋಂದಾಯಿತ ಆಗಿದ್ದರೆ ಅವರು ಆ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅವರಿಗೆ ಬಿಸಿ ತಟ್ಟುವುದಿಲ್ಲ. ಸಣ್ಣ ಹೋಂಸ್ಟೇಯವರಿಗೆ ನೋಂದಣಿಯೇ ಇರುವುದಿಲ್ಲ, ಅವರಿಗೆ ಅದು ನೇರ ಬೆಲೆ ಏರಿಕೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ 5% ತೆರಿಗೆ, ಆದರೆ ಹೀಗೆ ಕಳೆದುಕೊಳ್ಳುವ ಅವಕಾಶ ಇಲ್ಲ. ಹಾಗಾಗಿ ನೋಂದಣಿ ಇರುವ ಎಷ್ಟೋ ಲಾಡ್ಜ್, ರೆಸಾರ್ಟ್‌ಗಳಿಗೂ ನಿಮ್ಮ 18% ಖರ್ಚೇ. ಒಂದು ಎರಡು ಲಕ್ಷ ಜಾಸ್ತಿ ಮಾಡುವುದಕ್ಕೆ 20 ಲಕ್ಷ ದಾಟಬೇಡಿ. ದಾಟುವುದಾದರೆ ಚೆನ್ನಾಗಿ ದಾಟಿ.

ಪ್ರೈವೇಟ್ ಲಿಮಿಟೆಡ್ ಒಬ್ಬ ಜೂನಿಯರ್‌ಗೋಸ್ಕರ ಬೇಕಿಲ್ಲ. ಪ್ರತಿ ವರ್ಷ ಆಡಿಟ್, ಫೈಲಿಂಗ್ ಖರ್ಚು ಸುಮ್ನೆ ಬೀಳುತ್ತದೆ. ಉದ್ಯಮ್ ನೋಂದಣಿ ಮಾತ್ರ ಈಗಲೇ ಮಾಡಿಸಿ, ಅದು ಉಚಿತ. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ದುಡ್ಡನ್ನು ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಡ ಮಾಡಿದರೆ ಆ ಖರ್ಚನ್ನು ಅವರು ಕೊಟ್ಟ ವರ್ಷದಲ್ಲೇ ತೋರಿಸಬೇಕಾಗುತ್ತದೆ. ಹೀಗಾಗಿ ಮಾರ್ಚ್‌ನಲ್ಲಿ ಕಂಪನಿಗಳ ಲೆಕ್ಕ ವಿಭಾಗದವರು ಇಂಥ ಬಿಲ್ಲುಗಳನ್ನು ಹುಡುಕಿ ತೀರಿಸುತ್ತಾರೆ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕಿ.

ವಿರಾಜಪೇಟೆ ಹುಡುಗ

ನಾನು ಇನ್ನೊಂದು ಕಡೆಯವನು. ಡಿಸೈನ್ ಕೋರ್ಸ್ ಮುಗಿಸಿ ಬೆಂಗಳೂರಿನಲ್ಲಿ ಒಂದು ಏಜೆನ್ಸಿಯಲ್ಲಿ ಇದ್ದು ಊರಿಗೆ ಬಂದಿದ್ದೇನೆ. ಮೇಡಂ 20,000 ಎಂದಿದ್ದಾರೆ. ಊರಲ್ಲಿ ಮನೆಯಿಂದ ಓಡಾಡುವವರಿಗೆ ಅದು ಸಾಲುತ್ತದೆ. ನಾನು ಬೆಂಗಳೂರಿನ ಕೆಲಸ ಬಿಟ್ಟದ್ದು ದುಡ್ಡಿಗೆ ಅಲ್ಲ. ಎಂಟು ತಿಂಗಳು ಬರೀ ಸೈಜು ಬದಲಿಸುವ ಕೆಲಸ ಕೊಟ್ಟರು. ಯಾಕೆ ಬದಲಿಸಿದೆ, ಯಾಕೆ ತಪ್ಪು ಎಂದು ಯಾರೂ ಹೇಳಲಿಲ್ಲ. ಬರೀ "ಮತ್ತೆ ಮಾಡು" ಎನ್ನುತ್ತಿದ್ದರು. ಮೇಲೆ ಬರೆದ ದಿನಕ್ಕೆ ಒಂದು ಗಂಟೆ ಹೇಳಿಕೊಡುವುದು ನಿಜವಾಗಿ ಆದರೆ, ಕಲಿಯುವವರು ನಿಲ್ಲುತ್ತಾರೆ.

ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಮರ ಬಿದ್ದು ರಸ್ತೆ ಕಟ್ ಆಗುತ್ತದೆ. ಆ ದಿನಗಳ ಸಂಬಳ ಹಿಡಿಯುತ್ತಾರಾ?

ಹಳೇ ಏಜೆನ್ಸಿ

ಹಿಡಿಯಬಾರದು. ಅದು ನಡೆಸುವವರ ಲೆಕ್ಕದಲ್ಲಿ ಇರಬೇಕಾದ ವಿಷಯ. ಜೂನ್, ಜುಲೈ, ಆಗಸ್ಟ್‌ಗೆ ಕೆಲಸ ಒಪ್ಪಿಕೊಳ್ಳುವಾಗಲೇ ಸಾಮಾನ್ಯ ತಿಂಗಳಿನ ಮುಕ್ಕಾಲು ಭಾಗಕ್ಕೆ ಮಾತ್ರ ಒಪ್ಪಬೇಕು. 128 ಗಂಟೆ ಇದ್ದರೆ 96. ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ದಿನಗಳಲ್ಲೂ ಪ್ರಿಂಟ್‌ಗೆ ಕೊಡುವ ದಿನಾಂಕ ಇಡಬೇಡಿ. ಉಳಿದ ತಿಂಗಳಲ್ಲೂ ಪೂರ್ತಿ ತುಂಬಬಾರದು. ನಾನು ನೂರಕ್ಕೆ ಎಂಬತ್ತೈದು ತುಂಬಿದ ಮೇಲೆ ಹೊಸ ಕೆಲಸಕ್ಕೆ ಮುಂದಿನ ದಿನಾಂಕ ಕೊಡುತ್ತೇನೆ. ಮಿಕ್ಕಿದ್ದು ಕರೆಕ್ಷನ್, ಜ್ವರ, ರೆಸಾರ್ಟ್‌ನವರ "ಇವತ್ತೇ ಬೇಕು"ಗಳಿಗೆ ಹೋಗಿಯೇ ಹೋಗುತ್ತದೆ.

ಎಲ್ಲೆ ಮೀರಿದೆ ಎಂದು ತಿಳಿಯುವುದು ಹೇಗೆ ಎಂದರೆ, ಪ್ರೂಫ್ ನೋಡುವುದು ತಡವಾಗುತ್ತದೆ. ಜೂನಿಯರ್ ಕೆಲಸ ಮುಗಿಸಿ ಕೂತಿರುತ್ತಾರೆ, ನೀವು ನೋಡಲು ಎರಡು ದಿನ ಹಿಡಿಯುತ್ತೀರಿ. ಅದು ಕಂಡರೆ ಇನ್ನೊಬ್ಬ ಜೂನಿಯರ್ ತೆಗೆದುಕೊಂಡರೂ ಪ್ರಯೋಜನ ಇಲ್ಲ. ಕಟ್ಟಿಕೊಂಡಿರುವುದು ನಿಮ್ಮ ಮೇಜಿನ ಹತ್ತಿರ. ನಾನು ಏಳರಿಂದ ನಾಲ್ಕಕ್ಕೆ ಇಳಿಸಿದ್ದೂ ಇದೇ ಕಾರಣಕ್ಕೆ.

ಆರಿಸುವಾಗ ಪೋರ್ಟ್‌ಫೋಲಿಯೋ ನೋಡಿ ಮರುಳಾಗಬೇಡಿ. ಒಂದು ದಿನದ ಕೆಲಸ ಕೊಡಿ, ಅದಕ್ಕೆ ದುಡ್ಡೂ ಕೊಡಿ. 250 ಗ್ರಾಂ ಪೌಚಿನ ಹಳೇ ಫೈಲ್ ಕೊಟ್ಟು 100 ಗ್ರಾಂಗೆ ಇಳಿಸಲು ಹೇಳಿ. ಅದರಲ್ಲಿ ಬೇಕೆಂದೇ ತೂಕ ಒಂದು ಕಡೆ, ಪಿನ್‌ಕೋಡ್ ಒಂದು ಕಡೆ ತಪ್ಪಿಸಿಡಿ. ಸೈಜು ಇಳಿಸುವುದನ್ನು ಕಲಿಸಬಹುದು. ಯಾರೂ ಹೇಳದೆ ತಪ್ಪನ್ನು ಕಂಡು ಕೇಳುವವರು ಸಿಕ್ಕಿದರೆ ಬಿಡಬೇಡಿ.

ನಾಪೋಕ್ಲು ಅಕ್ಕ

ನನ್ನದು ಭಿನ್ನಾಭಿಪ್ರಾಯ. ಇವರು ಮೊದಲು ಡಿಸೈನರ್ ತೆಗೆದುಕೊಳ್ಳಲೇಬಾರದು. ದುಡ್ಡು ತರುವ ಕೆಲಸಕ್ಕೆ 110 ಗಂಟೆ, ಅಷ್ಟೇ ಸಮಯ ಫೋನು, ಬಿಲ್ಲು, ವಸೂಲಿಗೆ ಹೋಗುತ್ತದೆ ಎಂದು ಅವರೇ ಹೇಳಿದ್ದಾರೆ. ದಿನಕ್ಕೆ ಮೂರು ಗಂಟೆ ಬಂದು ಫೋನು, ಬಿಲ್ಲು ನೋಡಿಕೊಳ್ಳುವವರು 9,000ಕ್ಕೆ ಸಿಗುತ್ತಾರೆ. ನಾನು ಟೈಲರಿಂಗ್ ಘಟಕದಲ್ಲಿ ಮಾಡಿದ್ದು ಅದನ್ನೇ. ಇವರ ಕೈಗೆ 40 ಗಂಟೆ ಬಂದರೂ ಸಾಕು. ಕಲಿಸುವ ಗೋಳೂ ಇಲ್ಲ.

ಹಳೇ ಏಜೆನ್ಸಿ

ಬಿಲ್ಲು, ವಸೂಲಿಗೆ ಪೂರ್ತಿ ಒಪ್ಪುತ್ತೇನೆ ಅಕ್ಕ. ಫೋನಿಗೆ ಅರ್ಧ ಮಾತ್ರ. ಸಣ್ಣ ಸ್ಟುಡಿಯೋಗೆ ಬರುವವರು ಡಿಸೈನರ್ ಜೊತೆಗೇ ಮಾತಾಡಬೇಕು ಎನ್ನುತ್ತಾರೆ. ನಡುವೆ ಒಬ್ಬರು ಬಂದರೆ "ಸ್ವಲ್ಪ ಬ್ರೈಟ್ ಮಾಡಿ" ಎಂಬ ಮಾತು ಹಾಗೇ ಬರುತ್ತದೆ. ಏನು ಬೇಕು ಎಂದು ತಿಳಿಯದೆ ಇನ್ನೊಂದು ಸುತ್ತು ಕರೆಕ್ಷನ್ ಆಗುತ್ತದೆ. ನನ್ನಲ್ಲಿ ಹಾಗೆ ಆಗಿ ಗಂಟೆ ಉಳಿಯಲಿಲ್ಲ.

ನಾಪೋಕ್ಲು ಅಕ್ಕ

ಕೇಳಬೇಕಾದ ಪ್ರಶ್ನೆ ಕಲಿಸಿದರೆ ಕೇಳುತ್ತಾರೆ. ಡಿಸೈನ್ ಕಲಿಸುವುದಕ್ಕಿಂತ ಅದು ಸುಲಭ ಎಂದೇ ನನ್ನ ಅಭಿಪ್ರಾಯ.

ಮಡಿಕೇರಿ ಡಿಸೈನರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಈಗ ಮಾಡುವುದು ಹೀಗೆ. ರೂಮು ಹಿಡಿಯುವುದು ಸದ್ಯಕ್ಕಿಲ್ಲ. ಹೊಸ ಪ್ಯಾಕೆಟ್ ಕೊಟೇಶನ್‌ಗಳೆಲ್ಲ ಇವತ್ತಿನಿಂದ ಬಿಡಿಸಿ ಬರೆದ ರೇಟಿನಲ್ಲಿ. ಒಪ್ಪಿಕೊಂಡಿರುವ ಕೆಲಸಗಳಿಗೆ ಹಳೇ ರೇಟೇ. ಎಂಆರ್‌ಪಿ, ಶೇಕಡಾವಾರು ಎಲ್ಲ ಕಪ್ಪಿನಲ್ಲಿ ಇಡುವುದನ್ನು ನನ್ನ ಮೂಲ ಫೈಲಿನಲ್ಲೇ ಬದಲಿಸಿದೆ. ಬಿಲ್ಲು, ವಸೂಲಿಗೆ ಪಕ್ಕದ ಮನೆಯ ಬಿ.ಕಾಂ. ಮಾಡಿದ ಹುಡುಗಿಯನ್ನು ಕೇಳಿದ್ದೇನೆ, ಅವಳು ದಿನಕ್ಕೆ ಎರಡು ಗಂಟೆ ಬರುತ್ತಾಳೆ. ಕ್ಲೈಂಟ್ ಜೊತೆ ಡಿಸೈನ್ ಮಾತು ಮಾತ್ರ ನನ್ನದೇ. ಅರವತ್ತು ಸಾವಿರ ಬೇರೆ ಇಟ್ಟ ಮೇಲೆ ಒಬ್ಬ ಜೂನಿಯರ್, ಮಳೆ ಕಳೆದ ಮೇಲೆ. ಕಲಿಸುವುದಕ್ಕೆ ಆಗ ಸಮಯ ಇರುತ್ತದೆ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ರೆಸಾರ್ಟ್‌ನವರ ತಿಂಗಳ ಕೆಲಸ ಗಂಟೆಗೆ 1,800 ಬರುತ್ತಿದೆ ಎಂದಿರಿ. ಅವರು ಈಗ ಅದೇ 22,000ಕ್ಕೆ ವಿಡಿಯೋ ಕೂಡ ಸೇರಿಸಿ ಎನ್ನುತ್ತಿದ್ದಾರೆ. ಒಳ್ಳೆಯ ರೇಟು ಇದೆ ಎಂದು ಒಪ್ಪಿಕೊಳ್ಳಬಹುದಾ?

ಹಳೇ ಏಜೆನ್ಸಿ

ಗಂಟೆ ನೋಡಿ ಒಪ್ಪಿ, ಹೆಸರು ನೋಡಿ ಅಲ್ಲ. ತಿಂಗಳಿಗೆ ಎಂಟು ಗಂಟೆ ವಿಡಿಯೋಗೆ ಹೋದರೆ 22,000 ಭಾಗಿಸು 20, ಅಂದರೆ 1,100ಕ್ಕೆ ಇಳಿಯುತ್ತದೆ. ಸರಾಸರಿಯನ್ನು ಎತ್ತಿ ಹಿಡಿದಿರುವ ಕೆಲಸವೇ ಸರಾಸರಿ ಆಗಿಬಿಡುತ್ತದೆ. ತಿಂಗಳಿಗೆ ಎಷ್ಟು ಪೋಸ್ಟರ್, ಎಷ್ಟು ಮೆನು ಎಂದು ಬರೆದುಕೊಟ್ಟಿದ್ದೀರಾ?

ಮಡಿಕೇರಿ ಡಿಸೈನರ್

ಒಂದು ರೆಸಾರ್ಟ್‌ಗೆ ಬರೆದುಕೊಟ್ಟಿದ್ದೇನೆ. ಇನ್ನೊಂದು ಬರೀ ಮಾತಿನಲ್ಲಿದೆ, ವಿಡಿಯೋ ಕೇಳುತ್ತಿರುವುದು ಅವರೇ.

ಸೋಮವಾರಪೇಟೆ ಸ್ಟುಡಿಯೋ

ವಿಡಿಯೋ ಶೂಟ್ ಆದರೆ ನನಗೆ ಹೇಳಿ ಅಕ್ಕ. ದಿನದ ಲೆಕ್ಕದಲ್ಲಿ ಬರುತ್ತೇನೆ, ಎಡಿಟಿಂಗ್ ಬೇರೆ. ನೀವು ಅದನ್ನು ಬೇರೆ ಸಾಲಿನಲ್ಲಿ ಬಿಲ್ ಮಾಡಿ.

ಹಳೇ ಏಜೆನ್ಸಿ

ಅದೇ ಸರಿ. ಮೊದಲು ಈಗಿನ ಕೆಲಸದ ಪಟ್ಟಿಯನ್ನು ಅವರಿಗೆ ಮೇಲ್‌ನಲ್ಲಿ ಕಳಿಸಿ "ಸದ್ಯ ಇಷ್ಟು ನಡೆಯುತ್ತಿದೆ" ಎಂದು ಒಪ್ಪಿಗೆ ತೆಗೆದುಕೊಳ್ಳಿ. ವಿಡಿಯೋದ ರೇಟು ಮರುದಿನ ಬೇರೆ ಮೇಲ್‌ನಲ್ಲಿ ಕಳಿಸಿ. ಎರಡನ್ನೂ ಒಂದರಲ್ಲೇ ಬರೆದರೆ ಇಡೀ 22,000ದ ಬಗ್ಗೆಯೇ ಚೌಕಾಸಿ ಶುರುವಾಗುತ್ತದೆ.